ಅಮ್ಮನ ಐವತ್ತೇಳು ಮುತ್ತು

ಚಿವಾವಾ, 12 ಅಕ್ಟೋಬರ್ 1976

ಕೈಗೆ ಮೂರು ಸಲ ಸ್ಪಿರಿಟ್ ಹಚ್ಚಿ ಉಜ್ಜಿಕೊಂಡಿದ್ದೇನೆ. ವಾಸನೆ ಹೋಗಿಲ್ಲ. ಬಹುಶಃ ಅದೀಗ ಕೈಯಲ್ಲಿಲ್ಲ, ನನ್ನ ಮೂಗಿನೊಳಗೇ ಮನೆ ಮಾಡಿಕೊಂಡಿದೆ.

ಲಾ ಪಾಸ್‌ನಿಂದ ಹಡಗಿನಲ್ಲಿ ಕೊಲ್ಲಿ ದಾಟುವಾಗ ಅಮ್ಮ ಮಗುವಿನಂತೆ ಮಲಗಿದ್ದಳು. ಸಮುದ್ರದ ದಡದಲ್ಲಿ ಹುಟ್ಟಿ ಬೆಳೆದವಳಿಗೆ ಅಲೆ ಏನೂ ಮಾಡುವುದಿಲ್ಲ. ಆದರೆ ರೈಲು ಬೆಟ್ಟ ಹತ್ತತೊಡಗಿದ ಮೇಲೆ, ಸುರಂಗದಿಂದ ಸುರಂಗಕ್ಕೆ ಹಾವಿನಂತೆ ತಿರುಗತೊಡಗಿದ ಮೇಲೆ, ಶುರುವಾಯಿತು. ಮೊದಲು ಬೆಳಗಿನ ಕಾಫಿ ಬಂತು. ಆಮೇಲೆ ನಿನ್ನೆಯ ಮೀನು. ಆಮೇಲೆ ಹೆಸರಿಲ್ಲದ ಹಳದಿ ನೀರು. ಕಟ್ಟಿದ ಹಲ್ಲಿನ ಸೆಟ್ಟು ಅದರಲ್ಲೇ ಬಿತ್ತು. ಅದನ್ನು ನಾನು ಎರಡು ಬೆರಳಲ್ಲಿ, ಕಾಗದದ ಮೂಲಕ ಎತ್ತಿಕೊಂಡೆ. ಬೋಗಿಯ ಸೇವಕ ನಿಕಾಸಿಯೊ ಎಂಬಾತ ಬಕೆಟ್ ತಂದು ನೆಲ ಒರೆಸಿದ. ಎದುರಿನ ಸೀಟಿನವರು ಎದ್ದು ಬೇರೆ ಕಡೆ ಹೋದರು. ನಾನೂ ಹೋಗುತ್ತಿದ್ದೆ, ಆದರೆ ಅವಳು ನನ್ನ ತಾಯಿ.

ಅವಳ ಉಣ್ಣೆಯ ಶಾಲು ಪೂರ್ತಿ ನೆನೆದಿತ್ತು. ಅದನ್ನು ಮುದ್ದೆ ಮಾಡಿ, ಎಲ್ ಎನ್ಸಿನಾರ್ ಎಂಬ ಸಣ್ಣ ನಿಲ್ದಾಣದಲ್ಲಿ ಗಾಡಿ ನಿಂತಾಗ ಬಾಗಿಲಿನಿಂದ ಹಳಿಯ ಪಕ್ಕಕ್ಕೆ ಎಸೆದೆ. ಎಷ್ಟು ಹಗುರ ಅನಿಸಿತು ಅಂದರೆ, ನಾನೇ ಸ್ನಾನ ಮಾಡಿದ ಹಾಗೆ.

ತಮ್ಮ ಫೆರ್ಮಿನ್‌ನ ಮನೆ ತಲುಪಿದಾಗ ಸಂಜೆ ಮುಗಿಯುತ್ತಿತ್ತು. ಅಮ್ಮನ ಕೋಟು ಬಿಚ್ಚುವಾಗ ಅವನ ಹೆಂಡತಿ ಡೆಲ್ಫಿನಾ ಕೇಳಿದಳು:

"ಅತ್ತೆ, ನಿಮ್ ಸರ ಎಲ್ಲಿ?"

ಕತ್ತು ಬರಿದಾಗಿತ್ತು. ಅಮ್ಮ ಸುಮ್ಮನೆ ನಕ್ಕಳು. ಪಾರ್ಶ್ವವಾಯು ಹೊಡೆದಾಗಿನಿಂದ ಏನು ಕೇಳಿದರೂ ಅದೇ ನಗು.

ಚೀಲ, ಕೋಟು, ಒಳಲಂಗ ಎಲ್ಲ ಹುಡುಕಿದೆವು. ಮುತ್ತಿನ ಸರ ಇಲ್ಲ.

13 ಅಕ್ಟೋಬರ್

ನಿಲ್ದಾಣಕ್ಕೆ ಹೋಗಿದ್ದೆವು. ಕಿಟಕಿಯ ಹಿಂದಿನ ಗುಮಾಸ್ತ ಎರಡು ಬಗೆಯ ಅರ್ಜಿ ಮುಂದಿಟ್ಟು ಕೇಳಿದ:

"ಕಳ್ಕೊಂಡಿದ್ದಾ, ಕದ್ದಿದ್ದಾ? ಕಳ್ಕೊಂಡಿದ್ದು ಅಂದ್ರೆ ದಾರಿಯಲ್ಲಿರೋ ಎಲ್ಲಾ ಸ್ಟೇಷನ್ನಿಗೂ ತಂತಿ ಕಳಿಸ್ತೀವಿ. ಕದ್ದಿದ್ದು ಅಂದ್ರೆ ಇನ್‌ಸ್ಪೆಕ್ಟರ್ ಹತ್ರ ಹೋಗುತ್ತೆ."

"ಕದ್ದಿದ್ದು" ಎಂದ ಫೆರ್ಮಿನ್. "ಆ ಸೇವಕ ಎಷ್ಟು ಸಲ ನಮ್ಮಮ್ಮನ ಹತ್ರ ಬಗ್ಗಿದಾನೆ, ಕೇಳಿ ನಮ್ಮಕ್ಕನ್ನ."

ಗುಮಾಸ್ತ ನನ್ನ ಕಡೆ ನೋಡಿದ. ಬಗ್ಗಿದ್ದು ನಿಜ. ನೆಲ ಒರೆಸಲು ಬಗ್ಗದೆ ಆಗುವುದಿಲ್ಲ ಎಂದು ನಾನು ಹೇಳಬಹುದಿತ್ತು. ಆದರೆ ಆತನ ಬಕೆಟ್ಟು, ಒದ್ದೆ ಬಟ್ಟೆ, ಉಗುರಿನ ಸಂದಿಯ ಕೊಳೆ ಕಣ್ಣ ಮುಂದೆ ಬಂದವು. ಅಂಥ ಕೈ ಅಮ್ಮನ ಕತ್ತಿಗೆ ತಾಗಿರಬಹುದು ಅನ್ನುವುದೇ ಸಾಕಾಯಿತು. "ಹೌದು, ತುಂಬಾ ಸಲ ಬಂದಿದ್ದ" ಎಂದು ಸಹಿ ಹಾಕಿದೆ.

16 ಅಕ್ಟೋಬರ್

ನಿಕಾಸಿಯೊನನ್ನು ಕೆಲಸದಿಂದ ನಿಲ್ಲಿಸಿದ್ದಾರಂತೆ. ಮನೆ ಶೋಧಿಸಿ, ಹಾಸಿಗೆಯನ್ನೂ ಸೀಳಿ ನೋಡಿದರಂತೆ. ಫೆರ್ಮಿನ್ ಇದನ್ನು ಊಟದ ಮೇಜಿನಲ್ಲಿ ಒಳ್ಳೆಯ ಸುದ್ದಿಯಂತೆ ಹೇಳಿದ. ಬಾಯಲ್ಲಿ ಬೀನ್ಸ್ ಕಾಳಿನ ಗೊಜ್ಜು ಇಟ್ಟುಕೊಂಡೇ ಹೇಳಿದ. ತುಟಿಯ ಮೂಲೆಯಲ್ಲಿ ಅದು ಒಣಗುವವರೆಗೂ ಇತ್ತು.

ಅವನಿಗೆ ಅಮ್ಮ ಬೇಕಿಲ್ಲ, ಸರ ಬೇಕು. ನನಗೆ? ಹನ್ನೊಂದು ವರ್ಷ ನಾನು ನೋಡಿಕೊಂಡಿದ್ದೇನೆ. ಔಷಧಿ ಅಂಗಡಿಯಲ್ಲಿ ಹಗಲೆಲ್ಲ ಊರಿನವರ ಕೆಮ್ಮು, ಕಜ್ಜಿ, ಭೇದಿ ಕೇಳಿ, ಮನೆಗೆ ಬಂದು ಕೈಗವಸು ತೊಟ್ಟು ಅಮ್ಮನನ್ನು ತೊಳೆದಿದ್ದೇನೆ. ಇನ್ನು ಇವನು ಇಟ್ಟುಕೊಳ್ಳಲಿ ಎಂದೇ ಕರೆತಂದಿದ್ದು. ಇದೇ ತಿಂಗಳು ನಾನೊಬ್ಬಳೇ ವಾಪಸು ಹೋಗುತ್ತೇನೆ.

ಡೆಲ್ಫಿನಾ ಅಮ್ಮನ ತಟ್ಟೆಯನ್ನು ಬೇರೆ ಇಟ್ಟಿದ್ದಾಳೆ. ನಾಯಿಯ ತಟ್ಟೆಯ ಪಕ್ಕದ ಕಪಾಟಿನಲ್ಲಿ. ನೋಡಿ ಮೈಯೆಲ್ಲ ಉರಿಯಿತು. ಆದರೆ ಊರಿನಲ್ಲಿ ನಾನೂ ಬೇರೆಯೇ ಇಡುತ್ತಿದ್ದೆನಲ್ಲ.

19 ಅಕ್ಟೋಬರ್

ಇದನ್ನು ಬರೆಯದೆ ಇರಬಹುದಿತ್ತು.

ಮಧ್ಯಾಹ್ನ ಅಮ್ಮನಿಗೆ ಸಾರು ಕುಡಿಸುತ್ತಿದ್ದೆ. ನೆತ್ತಿಗೇರಿ ಕೆಮ್ಮು ಬಂತು, ಇನ್ನೇನು ಎಲ್ಲಾ ಹೊರಗೆ ಬರುತ್ತದೆ ಅನ್ನುವಾಗ ಅವಳ ಎರಡೂ ಕೈ ಕತ್ತಿನ ಹಿಂದಕ್ಕೆ ಹೋದವು. ಇಲ್ಲದ ಕೊಂಡಿಯನ್ನು ಬಿಚ್ಚಿದವು. ಇಲ್ಲದ ಸರವನ್ನು ಅಂಗೈಯಲ್ಲಿ ಸುತ್ತಿ, ಮಡಿಲಿನ ಕರವಸ್ತ್ರದ ಮೂಲೆಯಲ್ಲಿಟ್ಟು, ಗಂಟು ಹಾಕಿದವು. ಎರಡು ಸುತ್ತು, ಬಿಗಿಯಾಗಿ. ಚಮಚ ಹಿಡಿಯಲಾರದ ಕೈ.

"ಏನಮ್ಮಾ ಅದು?"

"ಹುಳಿ" ಎಂದಳು. ಹೊಸದಾಗಿ ಕೆಲಸಕ್ಕೆ ಬಂದ ಹುಡುಗಿಗೆ ಹೇಳುವ ಧಾಟಿ. "ಹೊಟ್ಟೆ ಹುಳಿ ತಾಗಿದ್ರೆ ಮುತ್ತಿನ ಚರ್ಮ ಸುಟ್ಟೋಗುತ್ತೆ. ಮೊದ್ಲು ಸರ ತೆಗೀಬೇಕು. ಗೊತ್ತಾಗಲ್ವಾ ನಿಂಗೆ?"

ಹದಿನಾರನೇ ವಯಸ್ಸಿನಿಂದ ಲಾ ಪಾಸ್‌ನ ಮುತ್ತಿನ ವ್ಯಾಪಾರಿಯೊಬ್ಬನ ಮೇಜಿನಲ್ಲಿ ವಿಂಗಡಿಸಿ ಪೋಣಿಸುತ್ತಿದ್ದವಳು. ಕೊಲ್ಲಿಯ ಚಿಪ್ಪೆಲ್ಲ ಸತ್ತು ಆ ಕಸುಬೇ ಮುಳುಗುವವರೆಗೂ ಮಾಡಿದಳು. ಬೇರೆಲ್ಲ ಮರೆತಿದ್ದಾಳೆ. ನನ್ನ ಹೆಸರು ವಾರಕ್ಕೊಮ್ಮೆ ನೆನಪಾಗುತ್ತದೆ. ಇದು ಮಾತ್ರ ಹೋಗಿಲ್ಲ.

ರೈಲಿನಲ್ಲೂ ಹೀಗೇ ಮಾಡಿದ್ದಾಳೆ. ಶಾಲಿನ ಮೂಲೆಯಲ್ಲಿ ಗಂಟು ಹಾಕಿದ್ದಾಳೆ. ಆ ಶಾಲನ್ನು ನಾನು, ನಾನೇ, ಮೂಗು ಮುಚ್ಚಿಕೊಂಡು ಎಸೆದಿದ್ದೇನೆ.

20 ಅಕ್ಟೋಬರ್

ಯಾರಿಗೂ ಹೇಳಿಲ್ಲ.

21 ಅಕ್ಟೋಬರ್

ಫೆರ್ಮಿನ್‌ಗೆ ಹೇಳಿದೆ. ನಾಳೆ ಬೆಳಗಿನ ಗಾಡಿಗೆ ಎಲ್ ಎನ್ಸಿನಾರ್‌ಗೆ ಹೋಗುತ್ತೇನೆಂದೆ. ಅವನು ಬಾಗಿಲು ಮುಚ್ಚಿ ಬಂದ.

"ಹೋಗು ಅಕ್ಕಾ. ಸಿಕ್ಕಿದ್ರೆ ಸುಮ್ನೆ ಚೀಲಕ್ಕೆ ಹಾಕ್ಕೊಂಡು ಬಾ. ಆಫೀಸಲ್ಲಿ ಬಾಯಿ ಬಿಡ್ಬೇಡ."

"ಮತ್ತೆ ಆ ಮನುಷ್ಯ?"

"ಸಾಕ್ಷಿ ಇಲ್ದೆ ಎಷ್ಟು ದಿನ ಕೆಲ್ಸದಿಂದ ದೂರ ಇಡ್ತಾರೆ? ಒಂದ್ ತಿಂಗ್ಳು, ಎರಡ್ ತಿಂಗ್ಳು. ಸುಳ್ಳು ದೂರು ಕೊಟ್ಟೋರು ಅಂತ ನಮ್ ಹೆಸ್ರು ಕೆಡ್ಬೇಕಾ?"

ಹಲ್ಲು ಕಡ್ಡಿಯಲ್ಲಿ ಕೆದಕುತ್ತಾ ಹೇಳಿದ. ಕೆದಕಿ ತೆಗೆದದ್ದನ್ನು ನೋಡಿ, ಮತ್ತೆ ಬಾಯಿಗೇ ಹಾಕಿಕೊಂಡ. ಅವನ ಮಾತು ತಪ್ಪು ಎಂದು ನನಗೆ ಅನಿಸಲಿಲ್ಲ. ಅದೇ ಹೇಸಿಗೆ. ಆ ಕಡ್ಡಿಯಷ್ಟೂ ಆ ಮಾತು ನನಗೆ ಅಸಹ್ಯವಾಗಲಿಲ್ಲ.

ಮಲಗುವ ಮುಂಚೆ ಅಮ್ಮನ ಹತ್ತಿರ ಕೂತು ಸರದ ಗುರುತು ಕೇಳಿಕೊಂಡೆ. ನನಗೆ ಗೊತ್ತಿದ್ದದ್ದು "ಮುತ್ತಿನ ಸರ" ಅನ್ನುವುದಷ್ಟೇ. ಐವತ್ತು ವರ್ಷ ಅವಳ ಕತ್ತಿನಲ್ಲಿ ನೋಡಿ ಎಣಿಸಿಯೂ ಇರಲಿಲ್ಲ. ಅವಳು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಗಾಳಿಯಲ್ಲಿ ಒಂದೊಂದೇ ದಾಟಿಸುತ್ತಾ ಹೇಳಿದಳು. ಹೇಳಿದ್ದನ್ನೆಲ್ಲ ಬರೆದುಕೊಂಡೆ.

22 ಅಕ್ಟೋಬರ್, ವಾಪಸು ಬರುವ ಗಾಡಿಯಲ್ಲಿ

ಒಂದೂವರೆಗೆ ಎಲ್ ಎನ್ಸಿನಾರ್‌ನಲ್ಲಿ ಇಳಿದೆ. ಚಳಿ, ಹೊಗೆ, ಓಕ್ ಮರಗಳು, ಹಳಿಯ ಪಕ್ಕ ಒಲೆ ಇಟ್ಟುಕೊಂಡು ಪ್ರಯಾಣಿಕರಿಗೆ ಜೋಳದ ರೊಟ್ಟಿ ಮಾರುವ ನಾಲ್ಕೈದು ಹೆಂಗಸರು. ಅವರಲ್ಲಿ ಒಬ್ಬಳ ಹೆಗಲ ಮೇಲೆ ಅಮ್ಮನ ಶಾಲು.

ಲಿಬ್ರಾದಾ ಎಂದು ಆಕೆಯ ಹೆಸರು. ಅರವತ್ತರ ಹತ್ತಿರ. ಹಿಟ್ಟಿನ ಕೈ ಒರೆಸಿಕೊಳ್ಳದೆ ನನ್ನನ್ನೇ ನೋಡಿದಳು.

"ಈ ಶಾಲು ನಮ್ಮಮ್ಮಂದು" ಎಂದೆ.

"ಹಳಿ ಪಕ್ಕ ಬಿದ್ದಿತ್ತು. ಮೂರು ಸಲ ಹಳ್ಳದಲ್ಲಿ ಒಗ್ದಿದೀನಿ. ಮೊದ್ಲು ಎಳೇ ಕೂಸಿಂದು ಅಂದ್ಕೊಂಡೆ, ಆ ಪಾಟಿ ಕಕ್ಕೊಂಡಿತ್ತು. ಆಮೇಲೆ ನೋಡ್ತೀನಿ, ಉದ್ದನೆ ಬಿಳಿ ಕೂದ್ಲು ಅಂಟ್ಕೊಂಡಿದೆ. ಯಾರೋ ವಯಸ್ಸಾದ ತಾಯಿದು ಪಾಪ ಅಂದೆ. ಯಾರು ಎಸ್ದಿದ್ದು?"

"ನಾನೇ."

"ಒಗ್ಯೋಕಾಗ್ಲಿಲ್ವಾ ಮಗಳೇ?"

ಬೈದಿದ್ದರೆ ವಾಸಿಯಿತ್ತು. ಆಕೆ ನಿಜವಾಗಿ ಕೇಳುತ್ತಿದ್ದಳು, ಕೈ ಮುರಿದಿತ್ತೇ ಅನ್ನುವ ಹಾಗೆ.

ಒಗೆಯುತ್ತಾ ಮೂಲೆಯ ಗಂಟು ಬಿಚ್ಚಿದಾಗ ಮಣಿ ಸಿಕ್ಕವಂತೆ. ಶಾಲು ಎಸೆದದ್ದು, ಯಾರಾದರೂ ಹೊದೆಯಬಹುದು. ಮಣಿ ಕಟ್ಟಿಟ್ಟದ್ದು, ಅದನ್ನು ಯಾರಾದರೂ ಹುಡುಕಿಕೊಂಡು ಬರುತ್ತಾರೆ. ಹೀಗೆ ಯೋಚಿಸಿ ಮಣಿಗಳನ್ನು ಸ್ಟೇಷನ್ ಮಾಸ್ತರರಿಗೆ ಒಪ್ಪಿಸಿದ್ದಳು. ಅದೇ ದಿನ.

ಮಾಸ್ತರರ ಕಪಾಟಿನಲ್ಲಿ ಕೊಡೆ, ಒಂಟಿ ಚಪ್ಪಲಿ, ಊರುಗೋಲುಗಳ ನಡುವೆ ಒಂದು ಹಳೆಯ ಲಕೋಟೆ. ಅದರ ಚೀಟಿಯಲ್ಲಿ ದಿನಾಂಕ, ಗಾಡಿಯ ಸಂಖ್ಯೆ, ಆಮೇಲೆ: "ಮಣಿಸರ, ಒಂದು." ಹತ್ತು ದಿನದಿಂದ ಅಲ್ಲೇ ಇತ್ತು.

"ಯಾರೂ ಕೇಳ್ಲಿಲ್ಲ, ಸೆನ್ಯೊರಾ" ಎಂದರು ಮಾಸ್ತರರು. ದಪ್ಪ ಕನ್ನಡಕ, ನಿಧಾನದ ಮನುಷ್ಯ. "ಕಳ್ಕೊಂಡಿದ್ದು ಅಂತ ಬರ್ಸಿದ್ರೆ ನಂಗೆ ತಂತಿ ಬರ್ತಿತ್ತು. ಅದೇ ದಿನ ಉತ್ತರ ಕೊಡ್ತಿದ್ದೆ."

ಕಳುವು ಎಂದು ಬರೆಸಿದ್ದರಿಂದ ಯಾವ ನಿಲ್ದಾಣವನ್ನೂ ಯಾರೂ ಕೇಳಿರಲಿಲ್ಲ. ಒಂದು ಪದದಿಂದ.

ಲಕೋಟೆಯನ್ನು ಅಂಗೈಯಲ್ಲಿ ಮುಚ್ಚಿಟ್ಟುಕೊಂಡು ಗುರುತು ಕೇಳಿದರು. ನಾನು ಚೀಟಿ ತೆಗೆದು ಓದಿದೆ. ಐವತ್ತೇಳು ಮುತ್ತು. ಒಂದೂ ಬಿಳಿ ಇಲ್ಲ. ಬೂದಿ, ಕಂಚು, ನೇರಳೆ. ವ್ಯಾಪಾರಿ ಬೇಡವೆಂದ ಬಣ್ಣದವನ್ನು ಸಂಬಳದ ಜೊತೆ ಅವಳಿಗೆ ಕೊಡುತ್ತಿದ್ದ. ಕೊಂಡಿಯ ಕಡೆ ಸಣ್ಣವು, ನಡುವೆ ದಪ್ಪವು. ನಡುವಿನದು ಬಲಿತ ನೇರಳೆ ಹಣ್ಣಿನ ಬಣ್ಣ, ಒಂದು ಪಕ್ಕ ಚಪ್ಪಟೆ. ಕೊಂಡಿಯಿಂದ ಎಂಟನೆಯದಕ್ಕೆ ಸೂಜಿ ಚುಚ್ಚಿದಂಥ ಕುಳಿ. ಪ್ರತಿ ಮುತ್ತಿನ ನಡುವೆ ಗಂಟು, ದಾರ ತುಂಡಾದರೆ ಒಂದೇ ಉದುರಲಿ ಎಂದು.

ಮಾಸ್ತರರು ಒಂದೊಂದನ್ನೂ ಪೆನ್ಸಿಲ್ ತುದಿಯಿಂದ ದಾಟಿಸಿ ಎಣಿಸಿದರು. ಎಂಟನೆಯದರ ಕುಳಿಯನ್ನು ಬೆಳಕಿಗೆ ಹಿಡಿದರು.

"ನಿಮ್ದೇ. ಆದ್ರೆ ಮುತ್ತು ಅಂತೀರಿ. ನಂಗೆ ಗಾಜಿನ ಮಣಿ ಥರ ಕಾಣುತ್ತೆ. ಮಣಿ ಅಂದ್ರೆ ಇಲ್ಲಿ ಸಹಿ ಹಾಕಿ, ಈಗ್ಲೇ ತಗೊಂಡ್ಹೋಗಿ. ಮುತ್ತು ಅಂದ್ರೆ ಬೆಲೆಬಾಳೋ ವಸ್ತು. ನಾನು ಸೀಲ್ ಮಾಡಿ, ಸರಕು ಬೋಗಿಯಲ್ಲಿ ಚಿವಾವಾಗೆ ಕಳಿಸ್ಬೇಕು. ಅಲ್ಲಿ ನಿಮ್ ದೂರಿನ ಜೊತೆ ತಾಳೆ ನೋಡ್ತಾರೆ. ಹೇಗೆ ಸಿಕ್ತು ಅಂತ ನೀವು ಬರ್ದು ಕೊಡ್ಬೇಕು. ಗಾಡಿಗೆ ಇನ್ನು ಅರ್ಧ ಗಂಟೆ ಇದೆ."

ಸುಮ್ಮನೆ ಮಣಿ ಅನ್ನಬಹುದಿತ್ತು. ಮಾಸ್ತರರೇ ಬಾಗಿಲು ತೆರೆದು ನಿಂತಿದ್ದರು. ಫೆರ್ಮಿನ್ ಹೇಳಿದಂತೆ ಚೀಲಕ್ಕೆ ಹಾಕಿಕೊಂಡು ಬಂದರಾಗಿತ್ತು, ನಿಕಾಸಿಯೊ ಒಂದು ತಿಂಗಳೋ ಎರಡು ತಿಂಗಳೋ ಸೀಳಿದ ಹಾಸಿಗೆಯ ಮೇಲೆ ಮಲಗಿರುತ್ತಿದ್ದ. ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ: ಸಹಿ ಹಾಕಲು ಪೆನ್ನು ಕೈಗೆತ್ತಿಕೊಂಡೂ ಆಗಿತ್ತು. ಕಿಟಕಿಯಾಚೆ ಲಿಬ್ರಾದಾ ರೊಟ್ಟಿ ತಟ್ಟುತ್ತಿದ್ದಳು. ಯಾರೋ ಅಪರಿಚಿತೆಯ ವಾಂತಿಯನ್ನು ಮೂರು ಸಲ ಒಗೆದ ಕೈ.

"ಮುತ್ತು" ಎಂದೆ.

"ಹೇಗೆ ನಂಬ್ಲಿ?"

ಅಮ್ಮ ಅದನ್ನೂ ಹೇಳಿದ್ದಳು. ಸರವನ್ನು ಬಾಯಿಗೆ ಹತ್ತಿರ ತಂದೆ. ಮುತ್ತನ್ನು ಹಳ್ಳದ ನೀರು ತೊಳೆದಿತ್ತು, ರೇಷ್ಮೆ ದಾರದೊಳಗಿನ ಹುಳಿನಾತ ಹೋಗಿರಲಿಲ್ಲ. ಆದರೂ ನಡುವಿನ ಮುತ್ತನ್ನು ಮುಂದಿನ ಹಲ್ಲಿನ ಅಂಚಿಗೆ ಮೆಲ್ಲಗೆ ಉಜ್ಜಿದೆ. ಸಣ್ಣ ಮರಳಿನಂತೆ ಗರಗರ ಅಂದಿತು. ಆಮೇಲೆ ಮಾಸ್ತರರ ಅಂಗಿಯ ತೋಳಿನ ಗಾಜಿನ ಗುಂಡಿಯನ್ನು ಅವರ ಹಲ್ಲಿಗೇ ಉಜ್ಜಿ ನೋಡಲು ಹೇಳಿದೆ. ಜಾರಿತು. ಸರವನ್ನು ಅವರ ಕೈಗೆ ಕೊಟ್ಟೆ. ಅವರು ಕನ್ನಡಕ ಹಣೆಗೇರಿಸಿ, ಒಂದು ಕ್ಷಣ ಮೂಗು ಸೊಟ್ಟ ಮಾಡಿ, ಉಜ್ಜಿಯೇ ನೋಡಿದರು.

"ಹೌದು" ಎಂದು ಚೀಟಿಯ ಮೇಲಿನ "ಮಣಿ"ಯನ್ನು ಹೊಡೆದು "ಮುತ್ತು" ಎಂದು ಬರೆದರು.

ನಾನು ಬರೆದುಕೊಟ್ಟದ್ದು: ಸರ ಕಳುವಾಗಿಲ್ಲ, ನನ್ನ ತಾಯಿ ಅದನ್ನು ಶಾಲಿನಲ್ಲಿ ಕಟ್ಟಿದ್ದಳು, ಶಾಲನ್ನು ನಾನು ಅಸಹ್ಯಪಟ್ಟು ಎಸೆದೆ, ಸೇವಕ ಅದನ್ನು ಮುಟ್ಟಿಲ್ಲ. "ಅಸಹ್ಯಪಟ್ಟು" ಬೇಕಾಗಿರಲಿಲ್ಲ ಎಂದರು ಮಾಸ್ತರರು. ಇರಲಿ ಎಂದೆ.

ಲಕೋಟೆಗೆ ಅರಗಿನ ಮುದ್ರೆ ಬಿತ್ತು, ಗಾರ್ಡ್ ಸಹಿ ಹಾಕಿ ಸರಕು ಬೋಗಿಗೆ ಒಯ್ದ. ನಾನು ಎರಡು ಬೋಗಿ ಹಿಂದೆ ಕೂತಿದ್ದೇನೆ. ಶಾಲನ್ನು ಕೇಳಲಿಲ್ಲ. ಲಿಬ್ರಾದಾ ಆಲೂಗಡ್ಡೆ ತುಂಬಿದ ರೊಟ್ಟಿ ಎರಡು ಕೊಟ್ಟಳು. ಕೈ ತೊಳೆಯದೆಯೇ ತಿಂದೆ, ಹಸಿವಾಗಿತ್ತು.

23 ಅಕ್ಟೋಬರ್

ಫೆರ್ಮಿನ್ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಒಳ್ಳೆಯದು.

25 ಅಕ್ಟೋಬರ್

ಇನ್‌ಸ್ಪೆಕ್ಟರ್ ಕೋಣೆಯಲ್ಲಿ ಮುದ್ರೆ ಒಡೆದರು. ನಿಕಾಸಿಯೊನನ್ನೂ ಕರೆಸಿದ್ದರು, ಅವನ ಮೇಲಿನ ದೂರು ರದ್ದು ಮಾಡಲು ಅವನ ಸಹಿಯೂ ಬೇಕಿತ್ತು. ಇಸ್ತ್ರಿ ಮಾಡಿದ ಅಂಗಿ, ಕತ್ತರಿಸಿದ ಉಗುರು. ರೈಲಿನಲ್ಲಿ ನಾನು ಕಂಡ ಕೊಳೆ ನಮ್ಮದೇ ಆಗಿತ್ತು.

ಎಲ್ಲರ ಸಹಿ ಆಯಿತು. ನಾಳೆಯಿಂದ ಕೆಲಸಕ್ಕೆ ಬಾ ಎಂದರು ಅವನಿಗೆ. ಹೊರಗೆ ಪಡಸಾಲೆಯಲ್ಲಿ ನಾನು ಅವನನ್ನು ನಿಲ್ಲಿಸಿದೆ.

"ದೋನ್ ನಿಕಾಸಿಯೊ, ನನ್ನಿಂದ ತಪ್ಪಾಯ್ತು. ಕ್ಷಮಿಸ್ಬೇಕು."

ಕೈ ಚಾಚಿದೆ. ಅವನು ಆ ಕೈಯನ್ನು ನೋಡಿದ. ಹೇಗೆ ನೋಡಿದ ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಅಮ್ಮನ ಹಲ್ಲಿನ ಸೆಟ್ಟನ್ನು ನಾನು ನೋಡಿದ್ದು ಹಾಗೆಯೇ.

"ಹದಿನಾಲ್ಕು ವರ್ಷ ಆಯ್ತು ಈ ಗಾಡೀಲಿ" ಎಂದ. "ಎಷ್ಟೋ ಜನರದ್ದು ಬಳ್ದಿದೀನಿ, ಒಂದಿನ ಹೇಸ್ಕೊಂಡಿಲ್ಲ. ಮೊನ್ನೆ ನನ್ ಹೆಂಡ್ತಿ ಒಳಬಟ್ಟೆ ಪೆಟ್ಟಿಗೇಲಿ ಇನ್‌ಸ್ಪೆಕ್ಟರ್ ಕಡೆಯೋರು ಕೈ ಹಾಕಿ ಹುಡುಕ್ದಾಗ ಹೇಸಿಗೆ ಆಯ್ತು. ನೀವು ಕ್ಷಮೆ ಕೇಳ್ತಿದ್ದೀರಲ್ಲ, ಈಗ್ಲೂ ಆಗ್ತಿದೆ."

ಟೋಪಿ ಹಾಕಿಕೊಂಡ. ಎರಡು ಹೆಜ್ಜೆ ಹೋದವನು ನಿಂತು ಕೇಳಿದ:

"ನಿಮ್ಮ ತಾಯಿ ಹೇಗಿದಾರೆ?"

"ಹಾಗೇ ಇದಾರೆ."

"ಬೆಟ್ಟ ಹತ್ತೋ ಮುಂಚೆ ಹೊಟ್ಟೆ ತುಂಬಾ ಕೊಡ್ಬಾರ್ದು. ಕಿಟಕಿ ಪಕ್ಕ, ಗಾಡಿ ಹೋಗೋ ದಿಕ್ಕಿಗೆ ಮುಖ ಮಾಡಿ ಕೂರ್ಸ್ಬೇಕು. ಅವತ್ತು ಹೇಳ್ದೆ, ನೀವು ಕೇಳಿಸ್ಕೊಳ್ಲಿಲ್ಲ."

ಹೋದ. ಕೈಯನ್ನು ಎಲ್ಲಿಟ್ಟುಕೊಳ್ಳಬೇಕೋ ತಿಳಿಯದೆ ನಿಲ್ದಾಣದ ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದೆ.

27 ಅಕ್ಟೋಬರ್

ದಾರ ಬದಲಾಯಿಸದೆ ಅಮ್ಮ ಸರ ಹಾಕಿಕೊಳ್ಳಲು ಒಪ್ಪಲಿಲ್ಲ. ಮೂಸಿ ನೋಡಿ ದೂರ ತಳ್ಳಿದಳು. ಪೇಟೆಯಿಂದ ರೇಷ್ಮೆ ದಾರ, ತೆಳು ಸೂಜಿ ತಂದೆ. ಸ್ಪಿರಿಟ್‌ನಲ್ಲಿ ಮುತ್ತು ತೊಳೆಯಲು ಹೋದಾಗ ಕೈಗೆ ಹೊಡೆದಳು.

"ಬರೀ ನೀರು. ಮೆತ್ತನೆ ಬಟ್ಟೆ. ಔಷಧಿ ಅಂಗ್ಡಿ ಬುದ್ಧಿ ಬೇಡ ಇಲ್ಲಿ."

ಟವೆಲನ್ನು ಮಡಚಿ ಅದರ ಸಂದಿಯಲ್ಲಿ ಮುತ್ತುಗಳನ್ನು ಸಾಲು ತಪ್ಪದಂತೆ ಬಿಡಿಸಿಟ್ಟೆ. ಒಂದು ಪೋಣಿಸು, ದಾರದಲ್ಲಿ ಕುಣಿಕೆ ಮಾಡು, ಕುಣಿಕೆಯೊಳಗೆ ಸೂಜಿಯ ತುದಿ ಇಟ್ಟು ಅದನ್ನು ಮುತ್ತಿನ ಮೈಗೆ ತಾಗುವವರೆಗೂ ಜಾರಿಸು, ಸೂಜಿ ಎಳೆದು ಬಿಗಿ ಮಾಡು. ಹೇಳಿದರೆ ಇಷ್ಟೇ. ನಾನು ಹಾಕಿದ ಮೊದಲ ಹನ್ನೆರಡನ್ನೂ ಬಿಚ್ಚಿಸಿದಳು. ಅವಳಿಗೆ ಕಣ್ಣು ಸರಿಯಾಗಿ ಕಾಣದು, ಹಾಗಾಗಿ ತುಟಿಯಿಂದ ತಡವಿ ನೋಡುತ್ತಾಳೆ, ಗಂಟಿಗೂ ಮುತ್ತಿಗೂ ನಡುವೆ ಕೂದಲಷ್ಟು ಸಂದು ಇದ್ದರೂ "ಸಡಿಲ" ಅನ್ನುತ್ತಾಳೆ. ದಾರದ ತುದಿ ಎಳೆಎಳೆಯಾಗಿ ಸೂಜಿಗೆ ಹೋಗದಿದ್ದಾಗ ಅವಳು ಬಾಯಲ್ಲಿಟ್ಟು ಚೂಪು ಮಾಡಿ ಕೊಡುತ್ತಿದ್ದಳು. ಅವಳಿಗೆ ದಣಿವಾದ ಮೇಲೆ ಅದೇ ತುದಿಯನ್ನು ನಾನು ಬಾಯಲ್ಲಿಟ್ಟು ಮುಂದುವರಿಸಿದೆ. ಸಂಜೆ ಐದಕ್ಕೆ ಮುಗಿಯಿತು.

ಒಂದು ಮುತ್ತು ಮಂಕಾಗಿದೆ, ಹುಳಿ ತಾಗಿದ್ದು. ಮೇಲಿನ ಪದರ ಸುಲಿದರೆ ಒಳಗೆ ಹೊಳಪು ಇದ್ದರೂ ಇರಬಹುದು, ಸುಣ್ಣವಾಗಿದ್ದರೂ ಇರಬಹುದು ಎಂದಳು. ಸುಲಿಯುವುದು ಬೇಡ ಎಂದಳು.

ಡೆಲ್ಫಿನಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಎಂಥಾ ಅಸಹ್ಯ ಅತ್ತಿಗೆ, ಜೊಲ್ಲೆಲ್ಲಾ ಬಾಯಿಗೆ ಹಾಕ್ಕೊಂಡು."

ಯಾವುದರ ಬಗ್ಗೆ ಹೇಳುತ್ತಿದ್ದಾಳೆಂದು ನನಗೆ ತಕ್ಷಣ ತಿಳಿಯಲಿಲ್ಲ.

29 ಅಕ್ಟೋಬರ್

ಫೆರ್ಮಿನ್ ಕೊನೆಗೂ ಬಾಯಿ ಬಿಟ್ಟ. ಸರ ಮಾರಿ ಅಮ್ಮನ ಖರ್ಚಿಗೆ ಇಟ್ಟುಕೊಳ್ಳೋಣ, ಅವಳಿಗೆ ಏನು ಗೊತ್ತಾಗುತ್ತೆ ಎಂದ. ಅವನ ತುಟಿಯಂಚಿನಲ್ಲಿ ಇವತ್ತೂ ಏನೋ ಇತ್ತು.

ಟಿಕೆಟ್ ಕಿಟಕಿಗೆ ಹೋಗಿ ಬಂದೆ. ಸೋಮವಾರ ಹೊರಡುತ್ತೇವೆ, ಎರಡು ಸೀಟು. ಬೇರೆ ವಿಶೇಷ ಕಾರಣವಿಲ್ಲ. ರೇಷ್ಮೆ ದಾರ ವರ್ಷಕ್ಕೊಮ್ಮೆ ಹಿಗ್ಗುತ್ತದೆ, ಮತ್ತೆ ಪೋಣಿಸಬೇಕಾಗುತ್ತದೆ. ಈ ಮನೆಯಲ್ಲಿ ಯಾರಿಗೂ ಗಂಟು ಹಾಕಲು ಬರುವುದಿಲ್ಲ.